ಇಪ್ಪತ್ತು ಸಾವಿರಕ್ಕೆ ಎಷ್ಟು ಸಾಲ?

ನಮ್ಮ ಕ್ಲಾಸಿನ ಗೆಳೆಯನೊಬ್ಬನ ಮನೆ ದೊಡ್ಡಬಳ್ಳಾಪುರದಲ್ಲಿ. ಅವರಪ್ಪ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡ್ತಾರೆ, ವಯಸ್ಸು 45. ದೇವನಹಳ್ಳಿ ಕಡೆ ಒಂದು ಫ್ಲ್ಯಾಟ್ ನೋಡಿಕೊಂಡು ಬಂದಿದ್ದರು. ಮನೆ ಖರ್ಚು, ಗೆಳೆಯನ ಫೀಸು ಎಲ್ಲ ಕಳೆದು ತಿಂಗಳಿಗೆ 20,000 ರೂಪಾಯಿ ಕಂತು ಕಟ್ಟಬಹುದು ಅಂತ ಅವರ ಲೆಕ್ಕ. ಸಾಲ ಕೊಡಿಸುವ ಏಜೆಂಟು ಮನೆಗೆ ಬಂದು, "ಶೇ. 8.5 ಬಡ್ಡಿಗೆ 26 ಲಕ್ಷ ಮಾಡಿಸ್ತೀನಿ ಸಾರ್. ನಿಮ್ಮ ದೊಡ್ಡ ಮಗ ಕೆಲಸಕ್ಕೆ ಸೇರಿದಾರಲ್ಲ, ಅವರ ಹೆಸರೂ ಸೇರಿಸಿದ್ರೆ 30 ವರ್ಷ ಸಿಗುತ್ತೆ" ಅಂದರಂತೆ. ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಆದರೂ ಆ ರಾತ್ರಿ ಹಾಸ್ಟೆಲ್ ರೂಮಲ್ಲಿ ನಾವು ನಾಲ್ಕು ಜನ ಕೂತು ಲೆಕ್ಕ ಬಿಡಿಸಿದ ಮೇಲೆ, ಅದಕ್ಕೆ ಒಪ್ಪಬಾರದು ಅನ್ನೋದೇ ನಮ್ಮ ಅಭಿಪ್ರಾಯವಾಯ್ತು.

ಎಲ್ಲರೂ ಸಾಲದಿಂದ ಕಂತಿಗೆ ಲೆಕ್ಕ ಹಾಕ್ತಾರೆ: ಇಷ್ಟು ಲಕ್ಷ ತಗೊಂಡರೆ ತಿಂಗಳಿಗೆ ಎಷ್ಟು? ನಾವು ಉಲ್ಟಾ ಹೋಗಬೇಕಿತ್ತು. ಕಂತು ಗೊತ್ತಿದೆ, ಸಾಲ ಎಷ್ಟು? ಪಿಯುಸಿಯಲ್ಲಿ ಓದಿದ ಗುಣೋತ್ತರ ಶ್ರೇಢಿ ಇಲ್ಲಿ ಕೆಲಸಕ್ಕೆ ಬರುತ್ತೆ. (ನಮ್ಮಲ್ಲಿ ಮೂವರಿಗೆ ಆ ಕನ್ನಡ ಹೆಸರು ಈ ಬರಹ ಬರೆಯುವಾಗಲೇ ಗೊತ್ತಾಗಿದ್ದು.)

ವರ್ಷಕ್ಕೆ ಶೇ. 8.5 ಅಂದರೆ ತಿಂಗಳಿಗೆ ಸುಮಾರು ಶೇ. 0.708. ಮುಂದಿನ ತಿಂಗಳು ಕಟ್ಟುವ 20,000ದ ಇವತ್ತಿನ ಬೆಲೆ ತಿಳಿಯೋಕೆ ಅದನ್ನು 1.00708ರಿಂದ ಒಂದು ಸಲ ಭಾಗಿಸಬೇಕು, 19,859 ಬರುತ್ತೆ. ಎರಡನೇ ಕಂತನ್ನು ಎರಡು ಸಲ, ಮೂರನೆಯದನ್ನು ಮೂರು ಸಲ. ಹೀಗೆ ಎಲ್ಲ ಕಂತುಗಳ ಇವತ್ತಿನ ಬೆಲೆ ಕೂಡಿಸಿದರೆ ಬರುವ ಮೊತ್ತವೇ ಸಾಲ. ಅಷ್ಟೇ ವಿಷಯ. ಸ್ಪ್ರೆಡ್‌ಶೀಟಿನಲ್ಲಿ ಒಂದೇ ಸಾಲು:

```
=PV(8.5%/12, 180, -20000)
```

ಇದು 15 ವರ್ಷದ್ದು, 180 ತಿಂಗಳು. ಉತ್ತರ 20.31 ಲಕ್ಷ. ಗೆಳೆಯ ಮೊದಲು 12ರಿಂದ ಭಾಗಿಸೋದನ್ನೇ ಮರೆತಿದ್ದ, 2.35 ಲಕ್ಷ ಅಂತ ಬಂತು. ಒಂದು ವರ್ಷಕ್ಕೇ 2.4 ಲಕ್ಷ ಕಟ್ಟುವವರಿಗೆ 15 ವರ್ಷದ ಮೇಲೆ ಅದಕ್ಕಿಂತ ಕಮ್ಮಿ ಸಾಲವೇ? ಹೀಗೆ ಕಣ್ಣಳತೆಯಲ್ಲೇ ತಪ್ಪು ಸಿಕ್ಕಿಬೀಳುತ್ತೆ.

ಆಮೇಲೆ ಅವಧಿ ಬದಲಾಯಿಸುತ್ತಾ ಹೋದೆವು. ಅದೇ ಕಂತು, ಅದೇ ಬಡ್ಡಿ. 10 ವರ್ಷಕ್ಕೆ 16.13 ಲಕ್ಷ, 20 ವರ್ಷಕ್ಕೆ 23.05 ಲಕ್ಷ, 30 ವರ್ಷಕ್ಕೆ 26.01 ಲಕ್ಷ. ಮೊದಲ ಹತ್ತು ವರ್ಷದ ಕಂತುಗಳು 16 ಲಕ್ಷ ತಂದರೆ, ಎರಡನೇ ಹತ್ತು ವರ್ಷ ತಂದಿದ್ದು 7 ಲಕ್ಷಕ್ಕೆ ಸ್ವಲ್ಪ ಕಮ್ಮಿ, ಮೂರನೆಯದು 3 ಲಕ್ಷವನ್ನೂ ಮುಟ್ಟಲಿಲ್ಲ. 360ನೇ ಕಂತಿನ ಇವತ್ತಿನ ಬೆಲೆ ಬರೀ 1,576 ರೂಪಾಯಿ. ಜೀವನಪೂರ್ತಿ, ಮೊಮ್ಮಕ್ಕಳ ಕಾಲದವರೆಗೂ ಕಟ್ಟುತ್ತೇವೆ ಅಂದರೂ 20,000ಕ್ಕೆ 28.24 ಲಕ್ಷ ದಾಟಲ್ಲ. ಯಾಕಂದರೆ 28.24 ಲಕ್ಷಕ್ಕೆ ಒಂದು ತಿಂಗಳ ಬಡ್ಡಿಯೇ 20,000 ಆಗುತ್ತೆ. ಅಸಲಿಗೆ ಒಂದು ಪೈಸೆಯೂ ಉಳಿಯಲ್ಲ.

ಅಪ್ಪನಿಗೆ 60 ಆಗುವವರೆಗೆ 15 ವರ್ಷ. ಅವರ ಸ್ವಂತ ದುಡಿಮೆಯ ಮೇಲೆ ಸಿಗುವುದು 20.31 ಲಕ್ಷ. ಏಜೆಂಟ್ ಹೇಳಿದ 26ಕ್ಕೂ ಇದಕ್ಕೂ ವ್ಯತ್ಯಾಸ 5.7 ಲಕ್ಷ. ಆ 5.7 ಲಕ್ಷಕ್ಕಾಗಿ ಅಣ್ಣ, ಅಪ್ಪ ರಿಟೈರ್ ಆದ ಮೇಲೆ ಇನ್ನೂ 15 ವರ್ಷ ಕಂತು ಕಟ್ಟಬೇಕು. ಒಟ್ಟು 36 ಲಕ್ಷ. ನಾಳಿನ ರೂಪಾಯಿ ಇವತ್ತಿನ ರೂಪಾಯಿ ಅಲ್ಲ, ಸರಿ, ಬಡ್ಡಿ ಲೆಕ್ಕದಲ್ಲಿ ಎರಡೂ ಸಮವೇ. ಆದರೆ ಅಣ್ಣನಿಗೆ ಆಗ ತನ್ನದೇ ಮದುವೆ, ಮಕ್ಕಳು, ತನ್ನದೇ ಸಾಲ ಇರುತ್ತೆ. ಅವನನ್ನು ಯಾರೂ ಕೇಳಿರಲೂ ಇಲ್ಲ.

ನಮಗೆ ಇದಕ್ಕಿಂತ ಹೆಚ್ಚು ಹೆದರಿಕೆ ಆಗಿದ್ದು ಬಡ್ಡಿ ದರ ಬದಲಾಯಿಸಿ ನೋಡಿದಾಗ. ಗೃಹಸಾಲದ ಬಡ್ಡಿ ಸಾಮಾನ್ಯವಾಗಿ ಫ್ಲೋಟಿಂಗ್. 30 ವರ್ಷಕ್ಕೆ 26.01 ಲಕ್ಷ ತಗೊಂಡ ಶುರುವಿನಲ್ಲೇ ದರ ಶೇ. 8.5ರಿಂದ 9.5 ಆಯ್ತು ಅಂತಿಟ್ಟುಕೊಳ್ಳಿ. ಒಂದು ತಿಂಗಳ ಬಡ್ಡಿ 20,591 ರೂಪಾಯಿ. ಕಟ್ಟುತ್ತಿರುವುದು 20,000. ಪ್ರತಿ ತಿಂಗಳು ತಪ್ಪದೆ ಕಟ್ಟಿದರೂ ಸಾಲ ಬೆಳೆಯುತ್ತಾ ಹೋಗುತ್ತೆ! ಅದೇ 20.31 ಲಕ್ಷದ ಸಾಲಕ್ಕೆ ಇದೇ ಏಟು ಬಿದ್ದರೆ, 15 ವರ್ಷದ್ದು 17 ವರ್ಷ 3 ತಿಂಗಳಾಗುತ್ತೆ. ಕಷ್ಟವೇ, ಆದರೆ ತೀರುತ್ತೆ.

ಇದು ಬರೀ ಹೆದರಿಸೋ ಮಾತಲ್ಲ. 2022ರ ಮೇ ತಿಂಗಳಿಂದ 2023ರ ಫೆಬ್ರವರಿವರೆಗೆ ಆರ್‌ಬಿಐ ರೆಪೊ ದರವನ್ನು ಶೇ. 4ರಿಂದ 6.5ಕ್ಕೆ ಏರಿಸಿತು. ಹತ್ತು ತಿಂಗಳಲ್ಲಿ ಎರಡೂವರೆ ಅಂಶ. ಕಂತು ಏರಿಸಿದರೆ ಜನ ಗಲಾಟೆ ಮಾಡ್ತಾರೆ, ಅವಧಿ ಎಳೆದರೆ ಬೇಗ ಗೊತ್ತಾಗಲ್ಲ. ಹಾಗಾಗಿ ಎಷ್ಟೋ ಸಾಲಗಳ ಅವಧಿ ಸದ್ದಿಲ್ಲದೆ ಉದ್ದವಾಯ್ತು. ಕೊನೆಗೆ 2023ರ ಆಗಸ್ಟ್‌ನಲ್ಲಿ ಆರ್‌ಬಿಐ, ದರ ಬದಲಾದಾಗ ಕಂತು ಏರಿಸೋದೋ, ಅವಧಿ ಹಿಗ್ಗಿಸೋದೋ, ಎರಡೂನೋ ಅಂತ ಸಾಲಗಾರನಿಗೇ ಆಯ್ಕೆ ಕೊಡಬೇಕು, ಅವಧಿ ಎಳೆದು ಕಂತು ಬಡ್ಡಿಗೂ ಸಾಲದಂತೆ ಆಗಬಾರದು ಅಂತ ಸೂಚಿಸಿತು. ನಿಯಮ ಒಳ್ಳೇದೇ. ಆದರೆ ಅವಧಿ ಎಳೆಯೋಕೆ ಜಾಗವೇ ಇಲ್ಲದ 26 ಲಕ್ಷಕ್ಕೆ ಉಳಿಯೋ ದಾರಿ ಕಂತು ಏರಿಸೋದು, ಇಲ್ಲಾ ಕೈಯಿಂದ ಅಸಲು ಕಟ್ಟೋದು. ಎರಡಕ್ಕೂ ಈ ಮನೆಯಲ್ಲಿ ದುಡ್ಡಿಲ್ಲ.

ನಮ್ಮಲ್ಲೊಬ್ಬ ಕೊನೆವರೆಗೂ ಒಪ್ಪಲಿಲ್ಲ. "ಏರ್‌ಪೋರ್ಟ್ ಬಂದ ಮೇಲೆ ದೇವನಹಳ್ಳಿ ರೇಟು ಎಲ್ಲಿಗೆ ಹೋಗಿದೆ ನೋಡ್ರೋ. ಇವಾಗ 30 ವರ್ಷಕ್ಕೆ ತಗೊಂಡು, ಆಮೇಲೆ ಮೊದಲೇ ತೀರಿಸಿದ್ರಾಯ್ತು" ಅಂದ. ಅವನ ಮಾತಲ್ಲಿ ಅರ್ಧ ಸರಿ. ಫ್ಲೋಟಿಂಗ್ ಗೃಹಸಾಲವನ್ನು ಮೊದಲೇ ತೀರಿಸಿದರೆ ದಂಡ ಇಲ್ಲ. 20.31 ಲಕ್ಷವನ್ನೇ 30 ವರ್ಷಕ್ಕೆ ತಗೊಂಡರೆ ಕಂತು 15,617 ರೂಪಾಯಿ. ಮೇಲೆ ಉಳಿಯುವ ನಾಲ್ಕು ಸಾವಿರ ಚಿಲ್ಲರೆಯನ್ನು ಆದ ತಿಂಗಳು ಅಸಲಿಗೆ ಹಾಕಬಹುದು, ಆಗದ ತಿಂಗಳು ಬಿಡಬಹುದು. ಅಲ್ಲಿ ಉದ್ದ ಅವಧಿ ಉಸಿರಾಡೋಕೆ ಜಾಗ ಕೊಡುತ್ತೆ. ಏಜೆಂಟ್ ಅದೇ ಜಾಗವನ್ನು ಸಾಲ ದೊಡ್ಡದು ಮಾಡೋಕೆ ಬಳಸಿದ್ದಾರೆ, ನಮ್ಮ ತಕರಾರು ಅದಕ್ಕೆ.

ಬೆಳಗಿನ ಜಾವ ನಾವು ಮಾಡಿದ ಕೊನೆಯ ಲೆಕ್ಕ ಹೀಗಿತ್ತು: ಅಪ್ಪನ 15 ವರ್ಷ ಮಾತ್ರ, ಬಡ್ಡಿ ಬ್ಯಾಂಕ್ ಹೇಳಿದ್ದಕ್ಕಿಂತ ಎರಡು ಅಂಶ ಜಾಸ್ತಿ, ಅಂದರೆ ಶೇ. 10.5. ಉತ್ತರ 18.09 ಲಕ್ಷ. ಇಷ್ಟು ತಗೊಂಡರೆ ದರ ಅಷ್ಟು ಏರಿದರೂ 20,000 ದಾಟದೆ, ಅವಧಿಯೂ ಬೆಳೆಯದೆ ತೀರುತ್ತೆ. ರಿಜಿಸ್ಟ್ರೇಷನ್ ಖರ್ಚು ಬೇರೆ ಕೈಯಿಂದಲೇ ಹಾಕಬೇಕು.

ಗೆಳೆಯ ಭಾನುವಾರ ಆ ಹಾಳೆ ತಗೊಂಡು ಊರಿಗೆ ಹೋದ. ಅಪ್ಪ 26.01ರ ಪಕ್ಕ ಬರೆದಿದ್ದ 20,591ನ್ನು ಎರಡು ಸಲ ಓದಿ, "ಇದು ಬಡ್ಡಿ ಮಾತ್ರಾನಾ?" ಅಂತ ಕೇಳಿದರಂತೆ. ದೇವನಹಳ್ಳಿ ಫ್ಲ್ಯಾಟಿಗೆ ಕೊಟ್ಟಿದ್ದ ಟೋಕನ್ ಹಣ ವಾಪಸ್ ಬರುತ್ತೋ ಇಲ್ಲವೋ ಇನ್ನೂ ಗೊತ್ತಾಗಿಲ್ಲ. ಈಗ ದೊಡ್ಡಬಳ್ಳಾಪುರದಲ್ಲೇ ಚಿಕ್ಕದೊಂದು ಮನೆ ನೋಡ್ತಿದ್ದಾರೆ.