ಎಂಟರಲ್ಲಿ ಐದು ಅಂದ್ರೆ ಎಷ್ಟು?

ನಮ್ಮ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಯಾವ ಕಾಲದಲ್ಲೂ ಒಬ್ಬರಾದರೂ ಯುಪಿಎಸ್‌ಸಿಗೆ ಓದುತ್ತಿರುತ್ತಾರೆ. ಊರಿಂದ ಬಂದು ಕನ್ನಡ ಸಾಹಿತ್ಯವನ್ನೇ ಐಚ್ಛಿಕ ವಿಷಯವಾಗಿ ತಗೊಂಡ ಹುಡುಗರು ಆಗಾಗ ನಮ್ಮನೆಗೂ ಬರುತ್ತಾರೆ. ಕಾಫಿ ಕುಡಿಯುತ್ತಾ ಅವರು ಮಾತಾಡೋದೆಲ್ಲ ಏನು ಓದಬೇಕು ಅನ್ನೋದೇ. ಏನು ಬಿಡಬೇಕು ಅಂತ ಯಾರೂ ಕೇಳೋದಿಲ್ಲ. ನನ್ನ ತಕರಾರು ಇರೋದು ಅಲ್ಲೇ.

2013ರಿಂದ ಸಾಮಾನ್ಯ ಅಧ್ಯಯನದ ಪತ್ರಿಕೆಗಳಲ್ಲಿ ಎಲ್ಲ ಪ್ರಶ್ನೆಗಳೂ ಕಡ್ಡಾಯ. ಆಯ್ಕೆ ಉಳಿದಿರೋದು ಪ್ರಬಂಧದಲ್ಲಿ ಮತ್ತು ಐಚ್ಛಿಕ ವಿಷಯದಲ್ಲಿ. ಐಚ್ಛಿಕದ ಒಂದೊಂದು ಪತ್ರಿಕೆಗೆ 250 ಅಂಕ, ಮೂರು ಗಂಟೆ. ಎರಡು ವಿಭಾಗ, ಎಂಟು ಪ್ರಶ್ನೆ, ಬರೆಯಬೇಕಾದ್ದು ಐದು. ಆದರೆ ಒಂದನೆಯದೂ ಐದನೆಯದೂ ಕಡ್ಡಾಯ. ಉಳಿದ ಆರರಲ್ಲಿ ಮೂರು, ಅದರಲ್ಲೂ ಪ್ರತಿ ವಿಭಾಗದಿಂದ ಒಂದಾದರೂ ಇರಬೇಕು. 2, 3, 4 ಮೂರೂ ಬಾಯಿಪಾಠ ಬಂದರೂ ಪ್ರಯೋಜನವಿಲ್ಲ ಸ್ವಾಮಿ, 6, 7, 8ರಲ್ಲಿ ಒಂದಕ್ಕೆ ಕೈ ಹಾಕಲೇಬೇಕು.

ಹುಡುಗರು ಪ್ರಶ್ನೆಯ ಮೊದಲ ಸಾಲು ನೋಡಿ ಆರಿಸುತ್ತಾರೆ. ಪಂಪನ ಹೆಸರು ಕಂಡರೆ ಸಾಕು, ಪೆನ್ನು ಓಡುತ್ತದೆ. ಆದರೆ 50 ಅಂಕದ ಪ್ರಶ್ನೆಯೊಳಗೆ ಸಾಮಾನ್ಯವಾಗಿ 20, 15, 15ರ ಮೂರು ತುಂಡುಗಳಿರುತ್ತವೆ. ಒಂದು ಲೆಕ್ಕ ಮಾಡಿ ನೋಡೋಣ. ಎರಡನೆಯ ಪ್ರಶ್ನೆಯಲ್ಲಿ 20ರ ತುಂಡು ಚೆನ್ನಾಗಿ ಗೊತ್ತು, 12 ಬರಬಹುದು. ಮುಂದಿನದು ಅರ್ಧಂಬರ್ಧ, 6. ಕೊನೆಯದು ಗೊತ್ತೇ ಇಲ್ಲ, ಏನೋ ಗೀಚಿದರೆ 2. ಒಟ್ಟು 20. ಮೂರನೆಯದರಲ್ಲಿ ಯಾವುದೂ ಅಷ್ಟು ಪ್ರಿಯವಲ್ಲ, ಆದರೆ ಮೂರೂ ಸುಮಾರಾಗಿ ಗೊತ್ತು: 10, 7, 7. ಒಟ್ಟು 24. ಬರೆಯಬೇಕಾದ್ದು ಮೂರನೆಯದನ್ನೇ. ಮನಸ್ಸು ಮಾತ್ರ ಎರಡನೆಯದರ ಹಿಂದೆ ಓಡುತ್ತದೆ, ಅದು ಬೇರೆ ವಿಷಯ.

ಅದಕ್ಕೇ ನಾನು ಹೇಳೋದು, ಮನೆಯಲ್ಲಿ ಹಳೇ ಪತ್ರಿಕೆ ಬಿಡಿಸುವಾಗ ಆರಿಸಿದ್ದರ ಪಕ್ಕದಲ್ಲಿ, ಬಿಟ್ಟದ್ದರ ಪಕ್ಕದಲ್ಲೂ, ಕಾರಣ ಬರೆದಿಡಿ. "ಮೂರೂ ತುಂಡು ಗೊತ್ತು", "ಉದಾಹರಣೆ ಇಲ್ಲ" ಅನ್ನುವಷ್ಟು ಸಾಕು. ಬರೀ "ಇಷ್ಟ" ಅಂತ ಬರೆಯಬೇಕಾಗಿ ಬಂದರೆ ಅನುಮಾನ ಪಡಿ. ಹತ್ತು ಪತ್ರಿಕೆ ಆದಮೇಲೆ ತಿದ್ದಿಸಿದ ಅಂಕಗಳ ಜೊತೆ ಆ ಕಾರಣಗಳನ್ನು ಹೋಲಿಸಿದರೆ ಯಾವ ಕಾರಣ ಮೋಸ ಮಾಡುತ್ತೆ ಅನ್ನೋದು ಗೊತ್ತಾಗುತ್ತದೆ.

ಇನ್ನೊಂದು ಅಪಾಯ, ನಡುವೆ ಮನಸ್ಸು ಬದಲಾಯಿಸೋದು. ಅರ್ಧ ಬರೆದ ಉತ್ತರವನ್ನು ಹೊಡೆದು ಹಾಕದಿದ್ದರೆ ಅದೂ ಒಂದು ಪ್ರಯತ್ನವಾಗಿ ಎಣಿಕೆಯಾಗುತ್ತದೆ, ಎಣಿಕೆ ಅನುಕ್ರಮದಲ್ಲೇ. ಆರನೆಯದರಲ್ಲಿ ಒಂದು ಪುಟ ಬರೆದು ಹಾಗೇ ಬಿಟ್ಟು 7, 8ಕ್ಕೆ ಹೋದವನು 3ನ್ನೂ ಬರೆದಿದ್ದರೆ, ಅವನ ಎಂಟನೆಯ ಉತ್ತರ ಲೆಕ್ಕಕ್ಕೇ ಬರೋದಿಲ್ಲ. ಪ್ರಶ್ನೆಗೆ ಸಿಗೋದೇ 36 ನಿಮಿಷ. ಓದಿ ಆರಿಸೋಕೆ ಮೊದಲೇ ಐದು ನಿಮಿಷ ಕೊಟ್ಟರೂ ಒಂದೊಂದಕ್ಕೆ 35 ಉಳಿಯುತ್ತಲ್ಲ!