ಮಕ್ಕಳ ಕೈಲೇ ಪ್ರಶ್ನೆ ಬರೆಸುವುದು ಮೇಷ್ಟ್ರ ಸೋಮಾರಿತನವೇ?

"ಪಾಠ ಓದಿ ಐದು ಪ್ರಶ್ನೆ ಬರೆದುಕೊಂಡು ಬನ್ನಿ ಅಂದಿದ್ದಾರೆ. ಪ್ರಶ್ನೆ ಕೇಳಬೇಕಾದವರು ಮೇಷ್ಟ್ರಲ್ಲವೇ?" ಮಕ್ಕಳ ಹೋಂವರ್ಕ್ ನೋಡಿದ ಪೋಷಕರು ಹೀಗೆ ಕೇಳುವುದುಂಟು. ಆದರೆ ಒಂದು ಒಳ್ಳೆಯ ಪ್ರಶ್ನೆ ಬರೆಯುವುದು ಹತ್ತು ಪ್ರಶ್ನೆಗೆ ಉತ್ತರ ಬರೆಯುವುದಕ್ಕಿಂತ ಕಷ್ಟ. ಮಕ್ಕಳು ತಂದ ಪ್ರಶ್ನೆ ಒಳ್ಳೆಯದೋ ಅಲ್ಲವೋ ಎಂದು ತೂಗಿ ನೋಡುವುದು ಇನ್ನೂ ಕಷ್ಟ. ಹಾಗಾದರೆ ಶಿಕ್ಷಕರು ಅದನ್ನು ಹೇಗೆ ತೂಗುತ್ತಾರೆ? ಬಹು ಆಯ್ಕೆ ಪ್ರಶ್ನೆಯ ಒಂದು ಉದಾಹರಣೆಯಿಂದಲೇ ನೋಡೋಣ.

ಇದು ಹೊಸ ಪ್ರಯೋಗವೇನಲ್ಲ

ಓದಿದ ಪಾಠದ ಮೇಲೆ ತಾವೇ ಪ್ರಶ್ನೆ ಹುಟ್ಟುಹಾಕಲು ಮಕ್ಕಳಿಗೆ ಕಲಿಸಿದರೆ ಏನಾಗುತ್ತದೆ ಎಂದು ನೋಡಿದ ಹಲವು ಅಧ್ಯಯನಗಳನ್ನು ಬರಾಕ್ ರೋಸೆನ್‌ಶೈನ್ ಮತ್ತು ಸಂಗಡಿಗರು 1996ರಲ್ಲಿ ಒಟ್ಟಿಗೆ ಪರಿಶೀಲಿಸಿದರು. ಒಟ್ಟಾರೆ ಮಕ್ಕಳಿಗೆ ಓದಿದ್ದು ಹೆಚ್ಚು ಅರ್ಥವಾಗಿತ್ತು. ಆದರೆ ಸಂಶೋಧಕರೇ ತಯಾರಿಸಿದ ಪರೀಕ್ಷೆಗಳಲ್ಲಿ ಕಂಡಷ್ಟು ಲಾಭ ಸಾಮಾನ್ಯ ಪ್ರಮಾಣಿತ ಪರೀಕ್ಷೆಗಳಲ್ಲಿ ಕಾಣಲಿಲ್ಲ. ಅಂದರೆ ಉಪಯೋಗವಿದೆ, ಪವಾಡವಲ್ಲ.

ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಪಾಲ್ ಡೆನ್ನಿ ರೂಪಿಸಿದ ಪಿಯರ್‌ವೈಸ್ ಎಂಬ ವ್ಯವಸ್ಥೆ ಇದೇ ಕೆಲಸವನ್ನು ಆನ್‌ಲೈನ್‌ಗೆ ತಂದಿತು. ಅಲ್ಲಿ ವಿದ್ಯಾರ್ಥಿ ಪ್ರಶ್ನೆ, ಆಯ್ಕೆಗಳು ಮತ್ತು ವಿವರಣೆಯನ್ನು ಬರೆಯುತ್ತಾನೆ. ಸಹಪಾಠಿಗಳು ಅದಕ್ಕೆ ಉತ್ತರಿಸಿ, ಪ್ರಶ್ನೆ ಎಷ್ಟು ಕಠಿಣ, ಎಷ್ಟು ಚೆನ್ನಾಗಿದೆ ಎಂದು ಅಂಕ ಕೊಡುತ್ತಾರೆ.

ಮೊದಲ ಪರೀಕ್ಷೆ: ಉತ್ತರ ನಿಜವಾಗಿಯೂ ಸರಿಯೇ?

ಸಸ್ಯಗಳ ಪಾಠ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಈ ಪ್ರಶ್ನೆ ತಂದಳು ಎಂದುಕೊಳ್ಳಿ:

ರಾತ್ರಿಯೂ ಆಮ್ಲಜನಕ ಕೊಡುವ ಮರ ಯಾವುದು?
(ಅ) ಮಾವು (ಆ) ಬೇವು (ಇ) ಅಶ್ವತ್ಥ (ಈ) ತೆಂಗು

ಅವಳು ಕೊಟ್ಟ ಉತ್ತರ: ಅಶ್ವತ್ಥ. ಈ ಮಾತು ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಆದರೆ ಅದು ತಪ್ಪು. ಎಲೆ ಆಮ್ಲಜನಕವನ್ನು ಹೊರಬಿಡುವುದು ಬೆಳಕಿನ ಸಹಾಯದಿಂದ ನೀರಿನ ಅಣುವನ್ನು ಒಡೆದಾಗ. ಬೆಳಕಿಲ್ಲದಿದ್ದರೆ ಆ ಕ್ರಿಯೆ ನಡೆಯುವುದಿಲ್ಲ. ಕಳ್ಳಿಯಂಥ ಕೆಲವು ಸಸ್ಯಗಳು ರಾತ್ರಿ ಇಂಗಾಲದ ಡೈಆಕ್ಸೈಡ್ ಹೀರಿ ಇಟ್ಟುಕೊಳ್ಳುವುದು ನಿಜ. ಆದರೆ ಅವು ಕೂಡ ಆಮ್ಲಜನಕ ಬಿಡುವುದು ಹಗಲಿನಲ್ಲೇ.

ಇಲ್ಲಿ ಶಿಕ್ಷಕರು ಸೊನ್ನೆ ಕೊಟ್ಟು ಮುಂದೆ ಹೋದರೆ ಕೆಲಸ ಕೆಟ್ಟಂತೆ. ಉತ್ತರ ತಪ್ಪಿರುವ ಪ್ರಶ್ನೆಗೆ ಅಂಕವೇ ಇಲ್ಲ, ಅದು ತಿದ್ದುವುದಕ್ಕೆ ವಾಪಸ್ ಹೋಗುತ್ತದೆ. ಜೊತೆಗೆ ಒಂದೇ ಮಾತು ಕೇಳಿದರೆ ಸಾಕು: "ಇದು ಸರಿ ಎಂದು ನಿನಗೆ ಎಲ್ಲಿಂದ ಗೊತ್ತಾಯಿತು? ಪಾಠದ ಯಾವ ಮಾತು ಇದನ್ನು ಹೇಳುತ್ತದೆ?" ಉತ್ತರ ಹುಡುಕಲು ಹೊರಟ ಹುಡುಗಿಗೆ ಪಾಠದಲ್ಲಿ ಸಿಗುವುದು ಅದರ ವಿರುದ್ಧದ ಮಾತು. ಮನಸ್ಸಿನಲ್ಲಿ ಮೊದಲೇ ಕೂತಿದ್ದ ತಪ್ಪು ಕಲ್ಪನೆ ಹೊರಗೆ ಬಂದಿದ್ದೇ ಅವಳು ಪ್ರಶ್ನೆ ಬರೆದಿದ್ದರಿಂದ.

ಎರಡನೆಯದು: ನೆನಪು ಸಾಕೇ, ಯೋಚನೆ ಬೇಕೇ?

ಎರಡನೇ ಸಲ ಅವಳು "ದ್ಯುತಿಸಂಶ್ಲೇಷಣೆಯಲ್ಲಿ ಬಿಡುಗಡೆಯಾಗುವ ಅನಿಲ ಯಾವುದು?" ಎಂದು ಬರೆದು ತಂದಳು. ಉತ್ತರ ಸರಿಯಿದೆ. ಆದರೆ ಇದು ಪುಸ್ತಕದ ಒಂದು ಸಾಲನ್ನೇ ತಿರುಗಿಸಿ ಹಾಕಿದ ಪ್ರಶ್ನೆ. ಮಕ್ಕಳು ಬರೆಯುವ ಪ್ರಶ್ನೆಗಳಲ್ಲಿ ಇಂಥವೇ ಹೆಚ್ಚು.

ನಮ್ಮ ಶಾಲೆಗಳಲ್ಲಿ ಪ್ರಶ್ನೆಪತ್ರಿಕೆಯ ನೀಲನಕ್ಷೆ ಮಾಡುವಾಗ ಜ್ಞಾನ, ತಿಳಿವಳಿಕೆ, ಅನ್ವಯ ಎಂದು ಪ್ರಶ್ನೆಗಳನ್ನು ವಿಂಗಡಿಸುತ್ತಾರಲ್ಲ, ಅದೇ ಅಳತೆ ಇಲ್ಲಿಯೂ ನಡೆಯುತ್ತದೆ. ಅದನ್ನು ತಿಳಿಯಲು ಸುಲಭದ ಉಪಾಯವಿದೆ. ಪುಸ್ತಕ ತೆರೆದಿಟ್ಟು ಉತ್ತರ ಹುಡುಕಿ. ಬೆರಳಿಟ್ಟು ತೋರಿಸುವ ಹಾಗೆ ಒಂದೇ ಸಾಲಿನಲ್ಲಿ ಸಿಕ್ಕರೆ ಅದು ನೆನಪಿನ ಪ್ರಶ್ನೆ. ಎರಡು ಮಾತುಗಳನ್ನು ಜೋಡಿಸಬೇಕಾದರೆ ತಿಳಿವಳಿಕೆಯದು. ಪುಸ್ತಕದಲ್ಲಿ ಇಲ್ಲದ ಸನ್ನಿವೇಶಕ್ಕೆ ಪಾಠವನ್ನು ಹಚ್ಚಬೇಕಾದರೆ ಅನ್ವಯದ್ದು.

ಮೂರನೆಯದು: ತಪ್ಪು ಉತ್ತರಗಳು ಚೆನ್ನಾಗಿವೆಯೇ?

ಮೂರನೇ ಸಲ ಅವಳು ಬರೆದದ್ದು ಇದು:

ನೀರಿನ ಲೋಟದಲ್ಲಿಟ್ಟ ದಾಸವಾಳದ ರೆಂಬೆಯನ್ನು ಗಾಳಿಯಾಡದ ಗಾಜಿನ ಪೆಟ್ಟಿಗೆಯಲ್ಲಿ ಮುಚ್ಚಿ, ರಾತ್ರಿಯಿಡೀ ಕತ್ತಲೆಯಲ್ಲಿ ಇಡಲಾಗಿದೆ. ಬೆಳಗ್ಗೆ ಪೆಟ್ಟಿಗೆಯ ಗಾಳಿಯಲ್ಲಿ ಏನು ಬದಲಾಗಿರುತ್ತದೆ?
(ಅ) ಆಮ್ಲಜನಕ ಹೆಚ್ಚಿರುತ್ತದೆ
(ಆ) ಆಮ್ಲಜನಕ ಕಡಿಮೆಯಾಗಿ, ಇಂಗಾಲದ ಡೈಆಕ್ಸೈಡ್ ಹೆಚ್ಚಿರುತ್ತದೆ
(ಇ) ಏನೂ ಬದಲಾಗಿರುವುದಿಲ್ಲ
(ಈ) ಗಾಳಿಯೆಲ್ಲ ಖಾಲಿಯಾಗಿರುತ್ತದೆ

ಸರಿ ಉತ್ತರ (ಆ). ಕತ್ತಲೆಯಲ್ಲಿ ದ್ಯುತಿಸಂಶ್ಲೇಷಣೆ ನಿಂತರೂ ಉಸಿರಾಟ ನಿಲ್ಲುವುದಿಲ್ಲ. (ಅ) ಆರಿಸಿದವರು ಸಸ್ಯ ಯಾವಾಗಲೂ ಆಮ್ಲಜನಕ ಕೊಡುತ್ತದೆ ಎಂದುಕೊಂಡವರು. (ಇ) ಆರಿಸಿದವರು ಸಸ್ಯಕ್ಕೆ ಉಸಿರಾಟವೇ ಇಲ್ಲ ಎಂದುಕೊಂಡವರು. ಒಂದೊಂದು ತಪ್ಪು ಆಯ್ಕೆಯ ಹಿಂದೆಯೂ ಒಂದೊಂದು ತಪ್ಪು ತಿಳಿವಳಿಕೆ ಇದೆ. ಯಾರು ಏನು ಆರಿಸಿದರು ಎಂದು ನೋಡಿದರೆ ಮುಂದೆ ಏನನ್ನು ಮತ್ತೆ ಪಾಠ ಮಾಡಬೇಕೆಂದು ಶಿಕ್ಷಕರಿಗೆ ಗೊತ್ತಾಗುತ್ತದೆ.

(ಈ) ಮಾತ್ರ ಜಾಗ ತುಂಬಿಸಲು ಬಂದದ್ದು, ಅದನ್ನು ಯಾರೂ ಆರಿಸುವುದಿಲ್ಲ. ತೆಗೆದುಹಾಕಬಹುದು. ನಾಲ್ಕು ಆಯ್ಕೆ ಇರಲೇಬೇಕು ಎಂಬ ನಿಯಮವೇನೂ ಇಲ್ಲ. ಈ ಬಗ್ಗೆ 80 ವರ್ಷಗಳ ಸಂಶೋಧನೆಯನ್ನು ಪರಿಶೀಲಿಸಿದ ಮೈಕಲ್ ರೋಡ್ರಿಗಸ್ 2005ರಲ್ಲಿ ಹೇಳಿದ್ದು, ಹೆಚ್ಚಿನ ಸಂದರ್ಭಗಳಲ್ಲಿ ಮೂರು ಆಯ್ಕೆ ಸಾಕು ಎಂದು.

ಇನ್ನೊಂದು ದೋಷವೂ ಇದೆ. ಸರಿ ಉತ್ತರವೇ ಎಲ್ಲಕ್ಕಿಂತ ಉದ್ದವಾಗಿದೆ. ಪಾಠ ಓದದವರೂ ಉದ್ದದ್ದನ್ನೇ ಆರಿಸಿ ಅಂಕ ಗಿಟ್ಟಿಸಬಹುದು. (ಅ)ದಲ್ಲಿ "ಆಮ್ಲಜನಕ ಹೆಚ್ಚಾಗಿ, ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿರುತ್ತದೆ" ಎಂದು, (ಇ)ಯಲ್ಲಿ "ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಎರಡೂ ಮೊದಲಿನಷ್ಟೇ ಇರುತ್ತವೆ" ಎಂದು ತಿದ್ದಿದರೆ ಈ ಸುಳಿವು ಮಾಯವಾಗುತ್ತದೆ.

ಅಂಕ ಹೇಗೆ ಹಂಚುವುದು?

ಒಂದು ಸರಳ ಪದ್ಧತಿ ಹೀಗಿರಬಹುದು. ಉತ್ತರ ತಪ್ಪಿದ್ದರೆ ಪ್ರಶ್ನೆ ವಾಪಸ್. ಸರಿಯಿದ್ದರೆ ಯೋಚನೆಯ ಮಟ್ಟ, ತಪ್ಪು ಆಯ್ಕೆಗಳು, ಭಾಷೆಯ ಸ್ಪಷ್ಟತೆ, ವಿವರಣೆ ಈ ನಾಲ್ಕಕ್ಕೂ ತಲಾ 2 ಅಂಕ. ದಾಸವಾಳದ ಪ್ರಶ್ನೆಗೆ ಯೋಚನೆಯಲ್ಲಿ 2, ಒಂದು ಆಯ್ಕೆ ದಂಡವಾದ್ದರಿಂದ ಆಯ್ಕೆಗಳಿಗೆ 1, ಸುಳಿವು ಬಿಟ್ಟಿದ್ದಕ್ಕೆ ಸ್ಪಷ್ಟತೆಯಲ್ಲಿ 1. ಪ್ರತಿ ಆಯ್ಕೆಯೂ ಯಾಕೆ ಸರಿ, ಯಾಕೆ ತಪ್ಪು ಎಂದು ಬರೆದಿದ್ದರೆ ವಿವರಣೆಗೆ 2. ಒಟ್ಟು 8ಕ್ಕೆ 6. ಈ ಪಟ್ಟಿ ಪ್ರಶ್ನೆ ಬರೆಯುವ ಮುಂಚೆಯೇ ಮಕ್ಕಳ ಕೈಯಲ್ಲಿರಬೇಕು.

ಎಲ್ಲಿ ಹಳಿ ತಪ್ಪುತ್ತದೆ?

ಎಷ್ಟು ಪ್ರಶ್ನೆ ಬರೆದರು ಎಂದು ಎಣಿಸಿ ಅಂಕ ಕೊಟ್ಟರೆ ಗೈಡ್‌ನಿಂದ ನಕಲು ಶುರುವಾಗುತ್ತದೆ. ಐದು ಪ್ರಶ್ನೆ ಕೇಳುವ ಬದಲು ಒಂದೇ ಪ್ರಶ್ನೆ ಕೇಳಿ, ಅದನ್ನೇ ಎರಡು ಸಲ ತಿದ್ದಿಸುವುದು ಲೇಸು. ಶಿಕ್ಷಕರು ನೋಡದೆ ಪ್ರಶ್ನೆಗಳನ್ನು ಮಕ್ಕಳ ನಡುವೆ ಹಂಚಿಬಿಟ್ಟರೆ ಅಶ್ವತ್ಥದಂಥ ತಪ್ಪು ಉತ್ತರ ಇಡೀ ತರಗತಿಗೆ ಹಬ್ಬುತ್ತದೆ. ನಲವತ್ತು ಮಕ್ಕಳಿದ್ದರೆ ಎಲ್ಲವನ್ನೂ ಒಬ್ಬರೇ ತಿದ್ದುವುದು ಕಷ್ಟ. ಆಗ ಜೋಡಿಯಾಗಿ ಕೂರಿಸಿ, ಪ್ರಶ್ನೆ ಅದಲುಬದಲು ಮಾಡಿ ಮೊದಲ ಸುತ್ತು ಮಕ್ಕಳಿಂದಲೇ ಮಾಡಿಸಬಹುದು. ಉತ್ತರ ಸರಿಯೇ ಎಂಬುದನ್ನು ಮಾತ್ರ ಶಿಕ್ಷಕರೇ ನೋಡಬೇಕು.

ನಿಮ್ಮ ಮನೆಯ ಮಗು ಪ್ರಶ್ನೆ ಬರೆದು ತಂದರೆ ನೀವೂ ನೋಡಬಹುದು. ಆಯ್ಕೆಗಳನ್ನು ಕೈಯಿಂದ ಮುಚ್ಚಿ ಪ್ರಶ್ನೆಯನ್ನು ಮಾತ್ರ ಓದಿ. ಏನು ಕೇಳಿದ್ದಾರೆ ಎಂಬುದು ಅಷ್ಟರಲ್ಲೇ ತಿಳಿದರೆ ಪ್ರಶ್ನೆ ಸ್ಪಷ್ಟವಾಗಿದೆ. ಆಮೇಲೆ ಒಂದು ತಪ್ಪು ಆಯ್ಕೆಯ ಮೇಲೆ ಬೆರಳಿಟ್ಟು, "ಇದನ್ನು ಯಾರು, ಏನು ಅಂದುಕೊಂಡು ಆರಿಸುತ್ತಾರೆ?" ಎಂದು ಕೇಳಿ. ಮಗು ಕಾರಣ ಹೇಳಿದರೆ ಪಾಠ ಅರ್ಥವಾಗಿದೆ ಎಂದೇ ಲೆಕ್ಕ.