ಸೇರುವ ದಿನಕ್ಕೆ ಕಾಲಾವಕಾಶ ಕೇಳುವುದು ತಪ್ಪೇ?

ಕುಷ್ಟಗಿ, ಯಲಬುರ್ಗಾ ಕಡೆಯ ಮನೆಗಳಲ್ಲಿ ಸರ್ಕಾರಿ ನೌಕರಿಯ ಆದೇಶ ಬಂತೆಂದರೆ ಹಿರಿಯರು ಹೇಳುವುದು ಒಂದೇ ಮಾತು: ತಡಮಾಡದೆ ಹೋಗಿ ಹಾಜರಾಗು. ಕಾಲಾವಕಾಶ ಕೇಳಿದರೆ ಕೆಲಸ ಕೈತಪ್ಪೀತು, ಮೇಲಧಿಕಾರಿಗೆ ಅಗೌರವವಾದೀತು ಎಂಬ ಅಳುಕು ಆ ಮಾತಿನ ಹಿಂದಿದೆ. ಆದರೆ ನಿಯಮವೇ ಹಾಗೆ ಭಾವಿಸುವುದಿಲ್ಲ. 1977ರ ಕರ್ನಾಟಕ ನಾಗರಿಕ ಸೇವಾ (ಸಾಮಾನ್ಯ ನೇಮಕಾತಿ) ನಿಯಮಗಳ ಪ್ರಕಾರ, ನೇರ ನೇಮಕಾತಿಯಲ್ಲಿ ಆಯ್ಕೆಯಾದವರು ಆದೇಶ ಅಂಚೆಯಲ್ಲಿ ರವಾನೆಯಾದ ದಿನದಿಂದ 15 ದಿನಗಳೊಳಗೆ ಕರ್ತವ್ಯಕ್ಕೆ ಹಾಜರಾಗಬೇಕು. ಅಭ್ಯರ್ಥಿ ಅರ್ಜಿ ಕೊಟ್ಟು, ಕಾರಣ ಸಮಂಜಸವೆಂದು ಮನವರಿಕೆಯಾದರೆ, ನೇಮಕಾತಿ ಪ್ರಾಧಿಕಾರ ಲಿಖಿತ ಆದೇಶದ ಮೂಲಕ ಇನ್ನೂ 30 ದಿನಗಳವರೆಗೆ ಅವಕಾಶ ನೀಡಬಹುದು. ಗಡುವಿನೊಳಗೆ ಹಾಜರಾಗದವರ ಹೆಸರು ಆಯ್ಕೆಪಟ್ಟಿಯಿಂದ ಬಿದ್ದುಹೋಗುತ್ತದೆ. ಅಂದರೆ ನಿಯಮ ಶಿಕ್ಷಿಸುವುದು ಹೇಳದೆ ಸುಮ್ಮನಿದ್ದವರನ್ನು. ಮುಂಚೆಯೇ ಕೇಳಿದವರಿಗೆ ಅದು ದಾರಿ ತೆರೆದಿಟ್ಟಿದೆ. ಆದ್ದರಿಂದ ಸಕಾಲದಲ್ಲಿ, ಕಾರಣ ಮತ್ತು ದಿನಾಂಕ ಎರಡನ್ನೂ ಹೇಳಿ ಕೇಳುವುದನ್ನು ಮಾತಿಗೆ ತಪ್ಪಿದಂತೆ ಎಣಿಸಬಾರದು. ಒಪ್ಪಿಕೊಂಡ ಮಾತನ್ನು ಉಳಿಸಿಕೊಳ್ಳುವ ಕ್ರಮವೇ ಅದು.

ಲೆಕ್ಕ ಹಾಕಿ ನೋಡಿದರೆ ಇದರ ಅಗತ್ಯ ಸ್ಪಷ್ಟವಾಗುತ್ತದೆ. ಯಲಬುರ್ಗಾದ ಒಬ್ಬ ಎಂಜಿನಿಯರ್ ಬೆಂಗಳೂರಿನ ಖಾಸಗಿ ಕಂಪನಿಯಲ್ಲಿದ್ದಾನೆ, ಅಲ್ಲಿ ನೋಟಿಸ್ ಅವಧಿ 60 ದಿನ ಎಂದಿಟ್ಟುಕೊಳ್ಳೋಣ. ಜೂನ್ 2ರಂದು ರವಾನೆಯಾದ ನೇಮಕಾತಿ ಆದೇಶ ಊರಿನ ಮನೆಗೆ ತಲುಪಿದ್ದು ಜೂನ್ 7ರಂದು. ಕೈಗೆ ಸಿಕ್ಕ ದಿನದಿಂದ 15 ದಿನ ಎಂದು ಅವನು ಎಣಿಸಿದರೆ ಅಲ್ಲೇ ಎಡವುತ್ತಾನೆ. ಎಣಿಕೆ ರವಾನೆಯ ದಿನದಿಂದ, ಹಾಗಾಗಿ ಗಡುವು ಜೂನ್ 17. ಪೂರ್ತಿ 30 ದಿನ ಹೆಚ್ಚುವರಿ ಸಿಕ್ಕರೂ ಜುಲೈ 17 ದಾಟುವಂತಿಲ್ಲ. ಜೂನ್ 8ರಂದೇ ರಾಜೀನಾಮೆ ಕೊಟ್ಟರೂ ನೋಟಿಸ್ ಮುಗಿಯುವುದು ಆಗಸ್ಟ್ 7ಕ್ಕೆ. ಹೀಗಾಗಿ ಅವನು ಎರಡು ಕಡೆ ಕೇಳಬೇಕಾಗುತ್ತದೆ. ಹಳೆಯ ಕಂಪನಿಗೆ, ಬಾಕಿ ರಜೆಯನ್ನು ಹೊಂದಿಸಿ ಅಥವಾ ಆ ದಿನಗಳ ಸಂಬಳ ಹಿಡಿದುಕೊಂಡು ಜುಲೈ 15ಕ್ಕೆ ಬಿಡುಗಡೆ ಮಾಡಿ ಎಂಬ ಮನವಿ. ಹೊಸ ಇಲಾಖೆಗೆ, ಜುಲೈ 17ರವರೆಗೆ ಅವಕಾಶ ಕೊಡಿ ಎಂಬ ಅರ್ಜಿ. ಮೊದಲನೆಯದಕ್ಕೆ ಉತ್ತರ ಸಿಗದೆ ಎರಡನೆಯದರಲ್ಲಿ ಖಚಿತ ದಿನಾಂಕ ಬರೆಯಲಾಗದು. ಆದ್ದರಿಂದ ಹಳೆಯ ಕಂಪನಿಯನ್ನೇ ಮೊದಲು, ಅದೇ ವಾರದಲ್ಲಿ ಕೇಳಬೇಕು.

ಅರ್ಜಿಯಲ್ಲಿ ಗೋಳು ತೋಡಿಕೊಳ್ಳುವ ಅಗತ್ಯವಿಲ್ಲ. ಆದೇಶದ ಸಂಖ್ಯೆ ಮತ್ತು ದಿನಾಂಕ, ಹುದ್ದೆಯನ್ನು ಒಪ್ಪಿಕೊಂಡಿದ್ದೇನೆ ಎಂಬ ಸ್ಪಷ್ಟ ವಾಕ್ಯ, ಒಂದು ಕಾರಣ, ಅದಕ್ಕೊಂದು ದಾಖಲೆ, ಹಾಜರಾಗುವ ದಿನ: ಇಷ್ಟು ಸಾಕು. 'ಪ್ರಸ್ತುತ ಸಂಸ್ಥೆಯಿಂದ ಜುಲೈ 15ರಂದು ಬಿಡುಗಡೆಯಾಗಲಿದ್ದು, ಜುಲೈ 17ರಂದು ತಪ್ಪದೆ ಕರ್ತವ್ಯಕ್ಕೆ ಹಾಜರಾಗುತ್ತೇನೆ. ಅಲ್ಲಿಯವರೆಗೆ ಕಾಲಾವಕಾಶ ನೀಡಬೇಕೆಂದು ವಿನಂತಿ' ಎಂಬ ಬರಹದಲ್ಲಿ ವಿನಯವೂ ಇದೆ, ಖಚಿತತೆಯೂ ಇದೆ. 'ಸ್ವಲ್ಪ ದಿನ' ಎಂದು ಬರೆದರೆ ಕಚೇರಿ ಯಾವ ನಿರ್ಧಾರವನ್ನೂ ಮಾಡಲಾರದು. ಅರ್ಜಿಯನ್ನು ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಆ ಸ್ವೀಕೃತಿ ಒಪ್ಪಿಗೆಯಲ್ಲ. ಗುಮಾಸ್ತರು ಬಾಯಿಮಾತಿನಲ್ಲಿ 'ಆಗಲಿ ಬಿಡಿ' ಎಂದರೂ ಅದು ಆದೇಶವಲ್ಲ. ಲಿಖಿತ ಆದೇಶ ಬರದಿದ್ದರೆ ಮೊದಲ ಗಡುವೇ ಗಡುವು ಎಂದು ತಿಳಿದು ನಡೆಯಬೇಕು. ಖಾಸಗಿ ಕಂಪನಿಗಳಲ್ಲಿ ಇಂಥ ನಿಯಮದ ಆಸರೆಯೂ ಇಲ್ಲ. ಅಲ್ಲಿ ಹೊಸ ದಿನಾಂಕವಿರುವ ಇಮೇಲ್ ಒಂದೇ ಆಧಾರ.

ಹೀಗೆ ಕಾಲಾವಕಾಶ ಕೇಳುವುದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಗಂಗಾವತಿ ತಾಲೂಕಿನ ಹಳ್ಳಿಶಾಲೆಗೆ ನೇಮಕಗೊಂಡ ಶಿಕ್ಷಕಿ ಒಂದು ತಿಂಗಳು ತಡವಾಗಿ ಬಂದರೆ ಜೂನ್‌ನ ಪಾಠ ಕಳೆದುಕೊಳ್ಳುವವರು ಮಕ್ಕಳು. ಶಿಕ್ಷಕರ ಕೊರತೆಯಿರುವ ಕಲ್ಯಾಣ ಕರ್ನಾಟಕದಲ್ಲಿ ಈ ನಷ್ಟ ಸಣ್ಣದಲ್ಲ. ಆಕ್ಷೇಪ ನ್ಯಾಯವಾದದ್ದೇ, ಆದರೆ ಅದು ಕೇಳುವುದನ್ನು ತಡೆಯುವುದಿಲ್ಲ, ಕೇಳುವುದಕ್ಕೆ ಮಿತಿ ಹಾಕುತ್ತದೆ. ಬರುವ ದಿನ ಮೊದಲೇ ತಿಳಿದರೆ ಮುಖ್ಯ ಶಿಕ್ಷಕರು ಇರುವವರಲ್ಲೇ ಪಾಠ ಹಂಚಬಹುದು; ತಿಳಿಯದಿದ್ದರೆ ದಿನವೂ ದಾರಿ ಕಾಯಬೇಕು. ಹೆರಿಗೆ, ಶಸ್ತ್ರಚಿಕಿತ್ಸೆ, ಹಳೆಯ ಕೆಲಸದಿಂದ ಬಿಡುಗಡೆ ಮುಂತಾದ, ದಾಖಲೆಯಿಂದ ಪರಿಶೀಲಿಸಬಹುದಾದ ಕಾರಣಗಳಿಗೆ ಬೇಕಾದಷ್ಟು ದಿನ ಮಾತ್ರ, ಒಂದೇ ಬಾರಿ ಕೇಳುವುದು ನ್ಯಾಯ. ಸಿಕ್ಕ ಹುದ್ದೆಗಿಂತ ಒಳ್ಳೆಯ ಕೆಲಸದ ಫಲಿತಾಂಶ ಬರಲಿ ಎಂದು ಕಾಯಲು ಕಾಲಾವಕಾಶ ಕೇಳುವುದು ಮಾತ್ರ ಸಮರ್ಥನೆಗೆ ನಿಲ್ಲದು, ಏಕೆಂದರೆ ಅಲ್ಲಿ ಹಾಜರಾಗುವ ಸಂಕಲ್ಪವೇ ಇಲ್ಲ. ಅಂಥವರು ಹುದ್ದೆ ಬೇಡವೆಂದು ಬರೆದುಕೊಡುವುದೇ ಮರ್ಯಾದೆ.

ಕಾರಣ ನಿಜವಾಗಿದ್ದವರು ಮಾತ್ರ ಹಿಂಜರಿಯಬೇಕಾಗಿಲ್ಲ. ಆದೇಶ ಕೈಸೇರಿದ ದಿನವೇ ರವಾನೆಯ ದಿನಾಂಕ ನೋಡಿ, ದಿನ ಎಣಿಸಿ, ಮೊದಲ ವಾರದಲ್ಲೇ ಅರ್ಜಿ ಕೊಡಿ. ಕೊಟ್ಟ ಹೊಸ ದಿನಾಂಕವನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ.